160 ಆಂಪಿಯರ್ ಮೇನ್, ಹನ್ನೆರಡು ಕಾರು

ನಮ್ಮ ಕಟ್ಟಡದಲ್ಲಿ 40 ಮನೆ. ಒಳಗೆ ಬರುವ ಕರೆಂಟು ತ್ರೀ ಫೇಸ್, ಅಂದ್ರೆ ಆರ್, ವೈ, ಬಿ ಅಂತ ಮೂರು ಲೈನು, ಮೇನ್ ಬ್ರೇಕರ್ ಒಂದೊಂದಕ್ಕೂ 160 ಆಂಪಿಯರ್. ಕಟ್ಟಿಸಿದಾಗ ಎಲೆಕ್ಟ್ರಿಕ್ ಕಾರಿನ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ. ಮೊದಲು ಒಂದು ಕಾರು ಬಂತು, ಆಮೇಲೆ ಇನ್ನೆರಡು. ಮೂವರೂ ಪಾರ್ಕಿಂಗ್‌ನಲ್ಲಿ ಹತ್ತಿರ ಸಿಕ್ಕ ಪ್ಯಾನಲ್‌ನಿಂದ ವೈರ್ ಎಳೆಸಿಕೊಂಡು 32 ಆಂಪಿಯರ್‌ನ ಚಾರ್ಜರ್ ಹಾಕಿಸಿಕೊಂಡರು. ಸಂಘದಲ್ಲಿ ನಾವೂ ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಸಂಜೆ ಮೂವರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆಗೆ ಬಂದು ಪ್ಲಗ್ ಹಾಕಿದರು. ಸ್ವಲ್ಪ ಹೊತ್ತಿಗೇ ಮೇನ್ ಬಿತ್ತು. ಇಡೀ ಕಟ್ಟಡ ಕತ್ತಲೆ. ನಾನು ಟಾರ್ಚ್ ಹಿಡಿದು ಓಡಿ ಹೋಗಿ ಹಿಡಿಕೆ ಎತ್ತಿದರೆ ನಿಲ್ಲುತ್ತಲೇ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಬಿಸಿಯಾಗಿ ಬಿದ್ದಿದೆ ಸಾರ್, ತಣ್ಣಗಾಗೋವರೆಗೂ ನಿಲ್ಲಲ್ಲ, ಒಂದು ಹತ್ತು ನಿಮಿಷ ಬಿಡಿ. ಅಷ್ಟರೊಳಗೆ ಆ ಕಾರುಗಳ ಪ್ಲಗ್ ತೆಗೆಸಿ" ಅಂದ. ಆಮೇಲೆ ಬಂದು ನೋಡಿದಾಗ ಗೊತ್ತಾಯಿತು, ಮೂರು ಚಾರ್ಜರ್‌ಗಳೂ ಬಿ ಫೇಸ್ ಮೇಲೇ ಕೂತಿದ್ದವು. ಮೂರು ಸಲ 32 ಅಂದ್ರೆ 96 ಆಂಪಿಯರ್ ಒಂದೇ ಫೇಸ್‌ಗೆ, ಅದೂ ಸಂಜೆಯ ಮನೆ ಲೋಡಿನ ಮೇಲೆ.

ಅಷ್ಟರಲ್ಲಿ ಇನ್ನೂ ಒಂಬತ್ತು ಮನೆಯವರು ಚಾರ್ಜರ್‌ಗೆ ಅರ್ಜಿ ಕೊಟ್ಟಿದ್ದರು. ಒಟ್ಟು ಹನ್ನೆರಡು. ಮೊದಲು ನಮಗೆ ಹೊಳೆದದ್ದು ಸಪ್ಲೈ ದೊಡ್ಡದು ಮಾಡಿಸೋಣ ಅಂತ. ವಿಚಾರಿಸಿದರೆ ಬರುವ ಕೇಬಲ್ ಬದಲಾಗಬೇಕು, ಹೊರಗಿನ ಟ್ರಾನ್ಸ್‌ಫಾರ್ಮರ್‌ನಲ್ಲೂ ಜಾಗ ಇಲ್ಲ, ಯಾವಾಗ ಆಗುತ್ತೆ ಅಂತ ಹೇಳೋಕಾಗಲ್ಲ ಅಂದರು. ಆಗಲೇ ಲೋಡ್ ಮ್ಯಾನೇಜ್‌ಮೆಂಟ್ ಅನ್ನೋ ಮಾತು ಕಿವಿಗೆ ಬಿದ್ದದ್ದು. ಇರುವ ಕರೆಂಟನ್ನೇ ಮನೆಗಳು ಬಳಸಿ ಉಳಿದಷ್ಟು ಕಾರುಗಳಿಗೆ ಹಂಚುವುದು, ಮನೆ ಲೋಡ್ ಏರಿದರೆ ಕಾರಿನದ್ದು ಇಳಿಸುವುದು. ಕೇಳೋಕೆ ಸುಲಭ.

ಯಾವ ಸಾಮಾನೂ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಒಂದು ಹಟ ಹಿಡಿದ. ಎರಡು ವಾರ ಮೇನ್ ಮೇಲೆ ಲಾಗರ್, ಅಂದ್ರೆ ಹರಿಯುವ ಕರೆಂಟನ್ನು ಬರೆದಿಡುತ್ತಾ ಹೋಗುವ ಮೀಟರ್, ಕೂರಿಸಿ ಅಳೆಯಬೇಕು ಅಂತ. ನನಗೆ ಸುಮ್ನೆ ಕಾಲಹರಣ ಅನ್ನಿಸಿತು. ಈಗ ಹೇಳ್ತೀನಿ, ಇಡೀ ಕೆಲಸದಲ್ಲಿ ನಮ್ಮನ್ನು ಉಳಿಸಿದ್ದು ಆ ಎರಡು ವಾರದ ಹಾಳೆಯೇ, ಹೇಗೆ ಅಂತ ಮುಂದೆ ಬರುತ್ತೆ. ಅಳತೆ ಮುಗಿಯುವ ತನಕ ಮೂರೂ ಕಾರಿನವರು ರಾತ್ರಿ ಹನ್ನೊಂದರ ಮೇಲೆ, ಅದೂ ಒಬ್ಬರಾದ ಮೇಲೆ ಒಬ್ಬರು ಚಾರ್ಜ್ ಮಾಡಿಕೊಂಡರು. ಅವರ ಕರೆಂಟು ಕಳೆದು ಲೆಕ್ಕ ಹಾಕಿದೆವು.

ಬಂದ ಚಿತ್ರ ಹೀಗಿತ್ತು. ಸಂಜೆ ಏಳೂವರೆಯಿಂದ ಹತ್ತರ ತನಕ ತುಂಬಾ ಜಾಸ್ತಿ. ಆರ್ ಫೇಸ್ 112 ಆಂಪಿಯರ್, ವೈ 94, ಬಿ 128. ಮಧ್ಯರಾತ್ರಿ ಕಳೆದರೆ ಮೂರೂ ಸುಮಾರು 40ಕ್ಕೆ ಇಳಿಯುತ್ತೆ, ಬೆಳಿಗ್ಗೆ ಆರರ ತನಕ ಅಲ್ಲೇ ಮಲಗಿರುತ್ತೆ. ಬ್ರೇಕರ್ ಮೇಲೆ 160 ಅಂತ ಬರೆದಿದ್ದರೂ ಅಷ್ಟಕ್ಕೇ ಮಿತಿ ಇಡೋಕಾಗಲ್ಲ. ಪ್ಯಾನಲ್ ರೂಮು ಬಿಸಿ, ಲಿಫ್ಟ್ ಹೊರಡುವಾಗ ಒಂದು ಎಳೆತ, ಪಂಪ್ ಶುರುವಾಗುವಾಗ ಇನ್ನೊಂದು. ಹಾಗಾಗಿ ಫೇಸ್‌ಗೆ 135 ಆಂಪಿಯರ್ ಅಂತ ಮಿತಿ ಹಾಕಿಕೊಂಡೆವು.

ಈಗ ಕಷ್ಟ ಎಲ್ಲಿ ಅಂತ ಕಣ್ಣಿಗೇ ಕಂಡಿತು. ಹನ್ನೆರಡು ಚಾರ್ಜರ್‌ಗಳನ್ನು ಸಮವಾಗಿ ಹಂಚಿದರೂ ಫೇಸ್‌ಗೆ ನಾಲ್ಕು. ನಾಲ್ಕೂ ಪೂರ್ತಿ ಎಳೆದರೆ 128. ಸಂಜೆ ಬಿ ಫೇಸ್‌ನಲ್ಲಿ ಅದು 256 ಆಗುತ್ತೆ. ಇತ್ತ ರಾತ್ರಿ ಒಂದು ಗಂಟೆಗೆ ನೋಡಿ, ಮಿತಿ 135, ಮನೆಗಳದ್ದು 40, ಉಳಿಕೆ 95. ನಾಲ್ಕು ಕಾರಿಗೆ ಹಂಚಿದರೆ ತಲಾ 23 ಆಂಪಿಯರ್, ಅಂದ್ರೆ 5 ಕಿಲೋವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ 40 ಕಿಲೋಮೀಟರ್ ಓಡಿಸುವ ಕಾರಿಗೆ ಬೇಕಾಗೋದು 6ರಿಂದ 8 ಯೂನಿಟ್. ಎರಡು ಗಂಟೆಯೊಳಗೆ ಎಲ್ಲರದ್ದೂ ಮುಗಿಯುತ್ತೆ! ನಮಗೆ ಕರೆಂಟು ಕಡಿಮೆ ಇರಲಿಲ್ಲ, ಸಂಜೆಯ ಎರಡೂವರೆ ಗಂಟೆ ಮಾತ್ರ ಕಡಿಮೆ ಇತ್ತು.

ಹಾಗಾದ್ರೆ ಎಲ್ಲರೂ ಹನ್ನೆರಡು ಗಂಟೆಗೆ ಟೈಮರ್ ಇಟ್ಟುಕೊಂಡರೆ ಆಯಿತಲ್ಲ ಅಂತ ಒಬ್ಬರು ಸಭೆಯಲ್ಲಿ ಕೇಳಿದರು. ಒಳ್ಳೆ ಪ್ರಶ್ನೆ. ಆದರೆ ಹನ್ನೆರಡಕ್ಕೆ ನಾಲ್ಕು ಚಾರ್ಜರ್ ಒಟ್ಟಿಗೆ 32 ಎಳೆದರೆ 128, ಮೇಲೆ ಮನೆಗಳ 40 ಸೇರಿ 168. ಬ್ರೇಕರ್ ತಕ್ಷಣ ಬೀಳದೇ ಇರಬಹುದು, ಆದರೆ ಕಾರುಗಳು ತುಂಬುವ ತನಕ ದಿನಾ ರಾತ್ರಿ ಬೇಯುತ್ತೆ. ಮತ್ತೆ ಯಾರೋ ಒಬ್ಬರು ಟೈಮರ್ ಮರೆತು ಸಂಜೆಯೇ ಹಾಕಿದರೆ ತಡೆಯೋರು ಯಾರು?

ಕೊನೆಗೆ ಹಾಕಿಸಿದ್ದು ಇಷ್ಟು. ಮೇನ್ ಕೇಬಲ್‌ನ ಮೂರು ಫೇಸ್‌ಗೂ ಒಂದೊಂದು ಸಿಟಿ, ಅಂದ್ರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ತಂತಿಯ ಸುತ್ತ ಬಳೆಯ ಹಾಗೆ ಕೂತು ಅದರಲ್ಲಿ ಹರಿಯುವ ಕರೆಂಟನ್ನು ಅಳೆಯೋಕೆ ಕೊಡುತ್ತೆ. ಅದರಿಂದ ಒಂದು ಮೀಟರ್, ಮೀಟರ್‌ನಿಂದ ಪ್ಯಾನಲ್ ರೂಮಿನಲ್ಲೇ ಕೂತಿರುವ ಕಂಟ್ರೋಲರ್, ಅಲ್ಲಿಂದ ಹನ್ನೆರಡೂ ಚಾರ್ಜರ್‌ಗಳಿಗೆ ಕೇಬಲ್. ಇಂಟರ್‌ನೆಟ್ ಮೇಲೆ ದೂರದ ಸರ್ವರ್‌ನಿಂದ ನಡೆಸುವ ಇನ್ನೊಂದು ಬಗೆಯನ್ನೂ ತೋರಿಸಿದರು. ಬೇಡ ಅಂದೆವು. ಮೇನ್ ಕಾಯುವ ಕೆಲಸ ಇಂಟರ್‌ನೆಟ್ ಇದ್ದರೆ ಮಾತ್ರ ನಡೆಯೋದು ಅಂದ್ರೆ ನನಗೆ ನಿದ್ದೆ ಬರಲ್ಲ.

ಕಂಟ್ರೋಲರ್ ಪ್ರತಿ ಫೇಸ್‌ಗೂ ಕೆಲವು ಸೆಕೆಂಡಿಗೊಮ್ಮೆ ಮಾಡುವ ಲೆಕ್ಕ ಇಷ್ಟೇ:

```
ಮನೆಗಳದ್ದು = ಮೇನ್ ಕರೆಂಟ್ - ಕಾರುಗಳ ಕರೆಂಟ್
ಕಾರುಗಳಿಗೆ = 135 - ಮನೆಗಳದ್ದು
```

ಬಂದ ಉತ್ತರವನ್ನು ಆ ಫೇಸ್‌ನ ಕಾರುಗಳಿಗೆ ಹಂಚುತ್ತೆ. ಚಾರ್ಜರ್ ಅದನ್ನು ಕಾರಿಗೆ ಹೇಳೋದು ಪೈಲಟ್ ಅನ್ನೋ ಸಣ್ಣ ತಂತಿಯ ಮೂಲಕ. ಅದರಲ್ಲಿ ಸೆಕೆಂಡಿಗೆ ಸಾವಿರ ಸಲ ಏರಿಳಿಯುವ ಒಂದು ಅಲೆ ಇರುತ್ತೆ. ಆ ಅಲೆ ಎಷ್ಟು ಹೊತ್ತು ಮೇಲಿರುತ್ತೆ ಅನ್ನೋದರಲ್ಲೇ ಸುದ್ದಿ. ನೂರಕ್ಕೆ ಹತ್ತು ಪಾಲು ಮೇಲಿದ್ದರೆ 6 ಆಂಪಿಯರ್, ನಲವತ್ತು ಪಾಲು ಇದ್ದರೆ 24. ಕಾರು ಅದನ್ನು ಓದಿ ಐದು ಸೆಕೆಂಡಿನೊಳಗೆ ಅಷ್ಟಕ್ಕೆ ಇಳಿಯಬೇಕು. ಚಾರ್ಜರ್ ಮುಂದೆ ನಿಂತು ನೋಡಿದ್ದೇನೆ. ಲಿಫ್ಟ್ ಹೊರಟ ಸದ್ದು ಕೇಳಿಸಿ ಒಂದೆರಡು ಉಸಿರು ಆಗುವಷ್ಟರಲ್ಲಿ ಪರದೆಯ ಅಂಕಿ 14ರಿಂದ 9ಕ್ಕೆ ಇಳಿಯಿತು, ಕಾರಿನ ಒಳಗಿನ ಗುಂಯ್ ಅನ್ನೋ ಶಬ್ದವೂ ತಗ್ಗಿತು.

ಇಲ್ಲಿ ಒಂದು ಸಂಗತಿ ಎಲ್ಲರನ್ನೂ ಗೊಂದಲಕ್ಕೆ ಹಾಕಿತು. ಆ ಅಲೆಯಲ್ಲಿ 6ಕ್ಕಿಂತ ಕಡಿಮೆ ಹೇಳೋಕೆ ಬರಲ್ಲ. 6 ಕೊಡು, ಇಲ್ಲವಾದರೆ ನಿಲ್ಲಿಸು. ಸಂಜೆ ಬಿ ಫೇಸ್‌ನಲ್ಲಿ 128 ಇದ್ದಾಗ ಉಳಿಕೆ 7. ಅಂದ್ರೆ ನಾಲ್ಕರಲ್ಲಿ ಒಂದೇ ಕಾರಿಗೆ ಪಾಲು, ಮೂರು ಕಾಯಬೇಕು. ಕಂಟ್ರೋಲರ್ ಹದಿನೈದು ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತೆ. ಅದೇ ಹೊತ್ತಿಗೆ ವೈ ಫೇಸ್‌ನಲ್ಲಿ 41 ಉಳಿಕೆ ಇರೋದರಿಂದ ಅಲ್ಲಿನ ನಾಲ್ಕೂ ಕಾರು ಆರಾಮಾಗಿ ತಲಾ 10 ಎಳೆಯುತ್ತಿರುತ್ತವೆ. ಇದು ಅನ್ಯಾಯ ಅಂತ ಜಗಳ ಬರುತ್ತೆ ಅಂತ ಗೊತ್ತಿತ್ತು, ಬಂತು ಕೂಡ. "ಚಾರ್ಜರ್ ಮೇಲೆ 7 ಕಿಲೋವ್ಯಾಟ್ ಅಂತ ಬರೆದಿದೆ, ಬರ್ತಿರೋದು 1.4. ಇದು ಮೋಸ ಅಲ್ವಾ?" ಅಂತ ಎರಡನೇ ಮಹಡಿಯ ಮೇಡಂ ಜೋರಾಗಿಯೇ ಕೇಳಿದರು. "ಬೆಳಿಗ್ಗೆ ಎದ್ದಾಗ ಎಷ್ಟಿರುತ್ತೆ ಮೇಡಂ?" ಅಂದೆ. "ಬೆಳಿಗ್ಗೆ ಪೂರ್ತಿ ಇರುತ್ತೆ. ಅದು ಬೇರೆ ವಿಷಯ" ಅಂದರು.

ರಾತ್ರಿ ಪಾಳಿಗೆ ಹೋಗುವ ಒಬ್ಬರು ಇದ್ದರು, ಅವರಿಗೆ ಹತ್ತಕ್ಕೇ ಹೊರಡಬೇಕು. ಅವರ ಚಾರ್ಜರ್ ಅನ್ನು ವೈ ಫೇಸ್‌ಗೆ ಹಾಕಿಸಿ, ಸರದಿಯಲ್ಲಿ ಮೊದಲು ಬರುವ ಹಾಗೆ ಮಾಡಿದೆವು. ತ್ರೀ ಫೇಸ್ ಚಾರ್ಜರ್ ಬೇಕು ಅಂತ ಕೇಳಿದ ಇನ್ನೊಬ್ಬರಿಗೆ ಬೇಡ ಅಂತ ತಿಳಿಸಿ ಹೇಳಬೇಕಾಯಿತು. ಅಂಥ ಚಾರ್ಜರ್ ಮೂರು ಫೇಸ್‌ನಿಂದಲೂ ಸಮನಾಗಿ ಎಳೆಯುತ್ತೆ, ಹಾಗಾಗಿ ಮೂರರಲ್ಲಿ ಬಡವಾಗಿರುವ ಫೇಸ್ ಎಷ್ಟು ಕೊಡುತ್ತೋ ಅಷ್ಟೇ ಸಿಗೋದು. ಸಂಜೆ ಹೊತ್ತು ಅದು ಬಿ ಫೇಸ್‌ನ ಬಾಲ ಹಿಡಿದುಕೊಂಡೇ ಕೂರುತ್ತೆ.

ಎಲ್ಲ ಕೂರಿಸಿ ಚಾಲೂ ಮಾಡಿದೆವು. ಮೊದಲ ವಾರ ಮೇನ್ ಬೀಳಲಿಲ್ಲ. ಖುಷಿಯಾಯಿತು. ಆದರೆ ಆರ್ ಫೇಸ್‌ನ ನಾಲ್ವರಿಂದ ದೂರು ಶುರುವಾಯಿತು. ಸಂಜೆ ಒಂದು ಆಂಪಿಯರ್ ಕೂಡ ಬರ್ತಿಲ್ಲ, ರಾತ್ರಿ ತುಂಬಾ ತಡವಾಗಿ ಶುರುವಾಗುತ್ತೆ ಅಂತ. ಬಿ ಫೇಸ್‌ನವರ ದೂರೇ ಇಲ್ಲ. ಅವರಿಗೆ ಸಂಜೆಯೇ 32 ಆಂಪಿಯರ್ ಸಿಗ್ತಿದೆ! ಕೂರಿಸಿದವರಿಗೆ ಫೋನ್ ಮಾಡಿದರೆ ಅವರು ದೂರದಿಂದಲೇ ಪರದೆ ನೋಡಿ, "ಆರ್ ಫೇಸ್ ಓವರ್‌ಲೋಡ್ ಇದೆ ಸಾರ್, 190 ತೋರಿಸ್ತಿದೆ, ಅದಕ್ಕೇ ಅಲ್ಲಿನ ಕಾರು ನಿಲ್ಲಿಸಿದೆ. ಸಿಸ್ಟಮ್ ಸರಿಯಾಗೇ ಕೆಲಸ ಮಾಡ್ತಿದೆ" ಅಂದರು. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ನಾನೂ ಎರಡು ದಿನ ಒಪ್ಪಿಕೊಂಡು ಸುಮ್ಮನಿದ್ದೆ.

ಮೂರನೇ ದಿನ ಪ್ಯಾನಲ್ ರೂಮಿಗೆ ಬೇರೇನೋ ಕೆಲಸಕ್ಕೆ ಹೋಗಿದ್ದೆ. ಪ್ಯಾನಲ್ ಬಾಗಿಲ ಒಳಗೆ ಆ ಎರಡು ವಾರದ ಲಾಗರ್ ಹಾಳೆ ಅಂಟಿಸಿಟ್ಟಿದ್ದ ಎಲೆಕ್ಟ್ರಿಷಿಯನ್. ಅದರಲ್ಲಿ ಸಂಜೆ ಹೊತ್ತು ಎಲ್ಲಕ್ಕಿಂತ ಜಾಸ್ತಿ ಬಿ. ಕಂಟ್ರೋಲರ್ ಪರದೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಆರ್. ಬಿ ಎಷ್ಟು ಅಂತ ನೋಡಿದರೆ 112. ಹಾಳೆಯಲ್ಲಿ 112 ಇದ್ದದ್ದು ಆರ್‌ಗೆ! ಅಷ್ಟು ಹೊತ್ತಿಗೆ ನನ್ನ ಕೈ ಪ್ಯಾನಲ್ ಬಾಗಿಲ ಮೇಲಿತ್ತು, ಬೆಚ್ಚಗಿತ್ತು.

ಎಲೆಕ್ಟ್ರಿಷಿಯನ್ ಬಂದು, ತಂತಿಯನ್ನು ಇಕ್ಕಳದ ಹಾಗೆ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿದ. ನಿಜವಾದ ಬಿ ಫೇಸ್‌ನಲ್ಲಿ 190, ಆರ್‌ನಲ್ಲಿ 112. ಸಿಟಿಯಿಂದ ಮೀಟರ್‌ಗೆ ಬರುವ ತಂತಿಗಳಲ್ಲಿ ಆರ್ ಮತ್ತು ಬಿ ಅದಲುಬದಲು ಆಗಿದ್ದವು. 160ರ ಬ್ರೇಕರ್ ಮೇಲೆ 190 ಹೋಗುತ್ತಿತ್ತು. ಬಿದ್ದಿರಲಿಲ್ಲ ಯಾಕಂದ್ರೆ ಒಂದು ಕಾಲು ಪಾಲಿನಷ್ಟೂ ಮೀರಿರಲಿಲ್ಲ, ಇಂಥ ಬ್ರೇಕರ್ ಅಷ್ಟಕ್ಕೆ ಬಹಳ ಹೊತ್ತು ತಡೆದುಕೊಳ್ಳುತ್ತೆ. ಒಂದು ಸೆಕೆ ಜಾಸ್ತಿಯಾದ ಸಂಜೆ ಬಂದಿದ್ದರೆ ಬೀಳ್ತಿತ್ತು.

ಬರೀ ತಂತಿ ಅದಲುಬದಲಾದರೆ ಲೆಕ್ಕ ಸ್ವಲ್ಪ ತಪ್ಪುತ್ತೆ ಅಷ್ಟೇ ಅಂದುಕೊಂಡಿದ್ದೆ. ಕೂತು ಬಿಡಿಸಿ ನೋಡಿದ ಮೇಲೆ ಬೆವರು ಬಂತು. ಕಂಟ್ರೋಲರ್ ಬಿ ಫೇಸ್‌ನ ಒಂದು ಕಾರಿಗೆ ಜಾಸ್ತಿ ಕೊಡುತ್ತೆ. ಆಗ ಏರೋದು ನಿಜವಾದ ಬಿ, ಆದರೆ ಪರದೆಯಲ್ಲಿ ಏರೋದು ಆರ್. ಕಂಟ್ರೋಲರ್, ಅಯ್ಯೋ ಆರ್ ಜಾಸ್ತಿಯಾಯಿತು ಅಂತ ಆರ್ ಕಾರುಗಳನ್ನು ಇಳಿಸುತ್ತೆ. ಅದರಿಂದ ಇಳಿಯೋದು ನಿಜವಾದ ಆರ್, ಪರದೆಯಲ್ಲಿ ಬಿ. ಬಿ ಖಾಲಿ ಇದೆ ಅಂತ ಬಿ ಕಾರುಗಳಿಗೆ ಇನ್ನಷ್ಟು ಕೊಡುತ್ತೆ. ಹೀಗೇ ಸುತ್ತು ಹೊಡೆದು ಕೊನೆಗೆ ಆರ್ ಕಾರುಗಳು ಸೊನ್ನೆಗೆ ಬಂದು ನಿಲ್ಲುತ್ತವೆ, ಬಿ ಕಾರುಗಳು ಪೂರ್ತಿ 32ಕ್ಕೆ ಹೋಗಿ ನಿಲ್ಲುತ್ತವೆ. ಮಿತಿ ಕಾಯಬೇಕಾದ ಯಂತ್ರವೇ ತುಂಬಿದ ಫೇಸ್‌ಗೆ ಮತ್ತೆ ಮತ್ತೆ ಸುರಿಯುತ್ತಿತ್ತು. ಆ ಸಂಜೆ ಬಿ ಕಡೆ ಇಬ್ಬರೇ ಪ್ಲಗ್ ಹಾಕಿದ್ದು ನಮ್ಮ ಪುಣ್ಯ.

ಗುರುತು ಹಿಡಿಯೋದು ಹೇಗೆ ಅಂತ ಕೇಳಿದರೆ, ಒಂದು ಕಡೆಯವರಿಗೆ ಸಂಜೆ ಏನೂ ಇಲ್ಲ, ಇನ್ನೊಂದು ಕಡೆಯವರಿಗೆ ತುಂಬಿ ತುಳುಕುತ್ತಿದೆ ಅಂತಾದರೆ ಮೊದಲು ಸಿಟಿ ನೋಡಿ.

ಸರಿ ಮಾಡುವಾಗ ಎಲೆಕ್ಟ್ರಿಷಿಯನ್ ನನ್ನನ್ನು ದೂರ ನಿಲ್ಲಿಸಿದ. ಮೇನ್‌ನಲ್ಲಿ ಕರೆಂಟು ಹರಿಯುತ್ತಿರುವಾಗ ಸಿಟಿಯ ತಂತಿ ಬಿಚ್ಚಿದರೆ ಬಿಚ್ಚಿದ ತುದಿಗಳ ನಡುವೆ ಅಪಾಯದ ವೋಲ್ಟೇಜ್ ಏಳಬಹುದು. ಮೊದಲು ಎರಡು ತುದಿಯನ್ನೂ ಶಾರ್ಟ್ ಮಾಡಿಕೊಂಡೇ ಬಿಚ್ಚಬೇಕು. ಅವನು ಟರ್ಮಿನಲ್‌ನ ಶಾರ್ಟಿಂಗ್ ಪಟ್ಟಿ ಹಾಕಿ, ತಂತಿ ಬದಲಿಸಿ, ಆಮೇಲೆ ಪಟ್ಟಿ ತೆಗೆದ.

ಅಷ್ಟಕ್ಕೆ ಬಿಡಲಿಲ್ಲ. ಮಾರನೇ ದಿನ ಮಧ್ಯಾಹ್ನ, ಲೋಡ್ ಕಡಿಮೆ ಇರುವ ಹೊತ್ತಲ್ಲಿ, ಎಲ್ಲ ಚಾರ್ಜರ್ ನಿಲ್ಲಿಸಿ ಒಂದೇ ಕಾರು ತಗೊಂಡು ಒಂದರಿಂದ ಹನ್ನೆರಡರ ತನಕ ಹೋದೆವು. ಒಂದೊಂದಕ್ಕೂ ಪ್ಲಗ್ ಹಾಕೋದು, 16 ಆಂಪಿಯರ್ ಬಿಡೋದು, ಪ್ಯಾನಲ್ ರೂಮಿನಲ್ಲಿ ಯಾವ ಫೇಸ್ ಏರಿತು ಅಂತ ಇನ್ನೊಬ್ಬರು ಕೂಗಿ ಹೇಳೋದು. ಏಳನೇ ಚಾರ್ಜರ್‌ಗೆ ಬಂದಾಗ "ವೈ!" ಅಂತ ಕೂಗು ಬಂತು. ಕಂಟ್ರೋಲರ್‌ನ ಪಟ್ಟಿಯಲ್ಲಿ ಅದು ಬಿ ಅಂತಿತ್ತು. ಸಿಟಿ ಸರಿ ಮಾಡಿ ಬಿಟ್ಟಿದ್ದರೆ ಇದು ಹಾಗೇ ಉಳಿದಿರ್ತಿತ್ತು. ವೈರಿಂಗ್ ಬದಲಿಸಿ ಬಿ ಮಾಡಿದೆವು, ಇಲ್ಲದಿದ್ದರೆ ವೈ ಮೇಲೆ ಐದಾಗ್ತಿತ್ತು. ಈ ಪರೀಕ್ಷೆಗೆ ಹಿಡಿದದ್ದು ಒಂದೂವರೆ ಗಂಟೆ. ಚಾಲೂ ಮಾಡಿದ ದಿನವೇ ಮಾಡಿಸಿಕೊಂಡಿದ್ದರೆ ಹತ್ತು ದಿನದ ತಲೆನೋವು ತಪ್ಪುತ್ತಿತ್ತು.

ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಕಂಟ್ರೋಲರ್‌ನಿಂದ ಚಾರ್ಜರ್‌ಗಳಿಗೆ ಹೋಗುವ ಕೇಬಲ್ ಕಿತ್ತೆವು. ಕಾರು ಆ ಹೊತ್ತಿಗೆ 32 ಎಳೆಯುತ್ತಿತ್ತು. ಒಂದು ನಿಮಿಷ ಆಯಿತು, ಐದು ಆಯಿತು, 32ರಲ್ಲೇ ಇದೆ. ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂತಿತ್ತು! ರಾತ್ರಿ ಮೂರಕ್ಕೆ ಕೇಬಲ್ ಕಡಿದು, ಮರುದಿನ ಸಂಜೆ ಎಲ್ಲರೂ ಪ್ಲಗ್ ಹಾಕಿದರೆ? ಚಾರ್ಜರ್ ಸೆಟ್ಟಿಂಗ್‌ನಲ್ಲಿ, ಮಾತು ನಿಂತರೆ ಎಷ್ಟಕ್ಕೆ ಇಳಿಯಬೇಕು ಅನ್ನೋ ಜಾಗವನ್ನು ಖಾಲಿ ಬಿಟ್ಟಿದ್ದರು. ಅಲ್ಲಿ 6 ಹಾಕಿಸಿದೆವು. ಲೆಕ್ಕ ಹೀಗೆ: ಫೇಸ್‌ಗೆ ನಾಲ್ಕು ಸಲ 6 ಅಂದ್ರೆ 24, ಬಿ ಫೇಸ್‌ನ 128ಕ್ಕೆ ಸೇರಿಸಿದರೆ 152. ನಮ್ಮ ಮಿತಿ ಮೀರುತ್ತೆ, ಬ್ರೇಕರ್‌ನ ಅಂಕಿ ಮೀರಲ್ಲ. ಒಂದು ಸಂಜೆ ತಡೆಯುತ್ತೆ, ಅಷ್ಟರೊಳಗೆ ಸರಿ ಮಾಡಬೇಕು. ಇನ್ನು ಕಂಟ್ರೋಲರ್‌ಗೇ ಮೀಟರ್‌ನಿಂದ ಅಂಕಿ ಬರದಿದ್ದರೆ ಎಲ್ಲ ಕಾರನ್ನೂ ಪೂರ್ತಿ ನಿಲ್ಲಿಸಲಿ ಅಂತ ಇಟ್ಟೆವು, ಕಣ್ಣು ಮುಚ್ಚಿಕೊಂಡು ಹಂಚೋದು ಬೇಡ.

ಆಮೇಲೆ ಉಳಿದದ್ದು ಪಂಪಿನ ಕಾಟ. ಸಂಜೆ ಹೊತ್ತು ನೀರಿನ ಪಂಪ್ ಹತ್ತು ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತೆ. ಶುರುವಾದಾಗಲೆಲ್ಲ ಬಿ ಫೇಸ್‌ನ ಒಂದು ಕಾರು ನಿಲ್ಲುತ್ತೆ, ನಿಂತಾಗ ಮತ್ತೆ ಹೊರಡುತ್ತೆ. ಒಂದು ಕಾರು ಮಾತ್ರ ಐದಾರು ಸಲ ಹೀಗೆ ಮಾಡಿಸಿಕೊಂಡು ಆಮೇಲೆ ಮುನಿಸಿಕೊಂಡ ಹಾಗೆ ಮಲಗಿಬಿಡ್ತಿತ್ತು. ರಾತ್ರಿ ಚಾರ್ಜರ್ ಎಷ್ಟು ಕರೆದರೂ ಏಳ್ತಿರಲಿಲ್ಲ, ಬೆಳಿಗ್ಗೆ ಪ್ಲಗ್ ತೆಗೆದು ಮತ್ತೆ ಹಾಕಿದರೇ ಜೀವ. ಇಳಿಸೋದು ತಕ್ಷಣ ಇರಲಿ, ಏರಿಸೋದು ನಿಧಾನ ಮಾಡಿ ಅಂತ ಹೇಳಿಸಿದೆವು. ಒಮ್ಮೆ ನಿಂತ ಕಾರು ಮತ್ತೆ ಹೊರಡಬೇಕಾದರೆ ಜಾಗ ಹದಿನೈದು ನಿಮಿಷ ಬಿಡದೆ ಖಾಲಿ ಇರಬೇಕು. ಅದರಿಂದ ಸಂಜೆ ಒಂದಷ್ಟು ಆಂಪಿಯರ್ ಸುಮ್ನೆ ಉಳಿದುಹೋಗುತ್ತೆ, ಉಳಿಯಲಿ ಬಿಡಿ. ಆ ಕಾರು ಈಗ ಮಲಗಲ್ಲ.

ಇನ್ನೂ ಎಷ್ಟು ಕಾರು ಹಿಡಿಸುತ್ತೆ ಅಂತ ಎಲ್ಲರೂ ಕೇಳ್ತಾರೆ. ಮಾಮೂಲಿ ರಾತ್ರಿಯಲ್ಲಿ ಮೂರು ಫೇಸ್‌ಗೂ 95 ಉಳಿಕೆ ಅಂದ್ರೆ ಸುಮಾರು 65 ಕಿಲೋವ್ಯಾಟ್, ಆರು ಗಂಟೆಗೆ 390 ಯೂನಿಟ್ ಚಿಲ್ಲರೆ. ಕಾರಿಗೆ 8 ಅಂದ್ರೆ 40 ಮನೆಗೂ ಸಾಕಾಗಿ ಮಿಗುತ್ತೆ. ಆದರೆ ಸೆಕೆಯ ರಾತ್ರಿಗಳಲ್ಲಿ ಎಸಿಗಳು ಬೆಳಗಿನ ತನಕ ಓಡುತ್ತವೆ. ಆಗ ಮನೆಗಳ ಲೋಡ್ 40ರ ಬದಲು 75 ಆದರೆ ಉಳಿಕೆ 60ಕ್ಕೆ ಬರುತ್ತೆ, ಕಾರುಗಳ ಲೆಕ್ಕ ಮೂವತ್ತರ ಹತ್ತಿರ ನಿಲ್ಲುತ್ತೆ. ಅದೂ ಯಾರೂ ದೂರದ ಊರಿಗೆ ಹೋಗಿ ಖಾಲಿ ಬ್ಯಾಟರಿ ತಂದಿಲ್ಲ ಅಂದರೆ. ಹಾಗಾಗಿ ನಾವು ಸದ್ಯಕ್ಕೆ 24ಕ್ಕೆ ಬೇಲಿ ಹಾಕಿದ್ದೇವೆ, ಒಂದು ಬೇಸಿಗೆಯ ಅಂಕಿ ನೋಡಿ ಆಮೇಲೆ ಮಾತು.

ಮೊನ್ನೆ ಹದಿಮೂರನೇ ಅರ್ಜಿ ಬಂತು, ಐದನೇ ಮಹಡಿಯವರದ್ದು. ಎಲೆಕ್ಟ್ರಿಷಿಯನ್ ಕಾಗದ ನೋಡಿ ಕಾರು ಯಾವುದು ಅಂತ ಕೇಳಲಿಲ್ಲ. ಜೇಬಿನಿಂದ ಹಳದಿ ಟೇಪ್ ತೆಗೆದು ಅದರ ಮೇಲೆ ದೊಡ್ಡದಾಗಿ "13 - ವೈ" ಅಂತ ಬರೆದು, "ಇದನ್ನ ಮೊದಲು ಅಂಟಿಸ್ತೀನಿ ಸಾರ್, ಚಾರ್ಜರ್ ಆಮೇಲೆ" ಅಂದ.